ಬಿದಿರ ಸೀಳು ಮುಟ್ಟದ ಚಕ್ರ

ಜಾನ್ ಪಾಷಾ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದ ದಿನ ಅಜೀಜುನ್ನೀಸಾ ಬಾಗಿಲಲ್ಲೇ ನಿಂತು ನಕ್ಕುಬಿಟ್ಟಳು. ತನ್ನನ್ನು ಹೊರಲಿ ಅಂತ ತಂದ ಸೈಕಲ್ಲನ್ನು ತಾನೇ ಹೊರುವುದೆಂದರೆ! ಆಮೇಲೆ ಗಂಡ ಕುಂಟುತ್ತಿರುವುದು ಕಂಡು ನಗು ನುಂಗಿಕೊಂಡಳು.

"ಹೊಳೆ ಸೇತುವೆ ಇಳಿಜಾರಲ್ಲಿ ಮರದ ಗಾಡಿ ಅಡ್ಡ ಬಂತು ಕಣೆ," ಅಂದ ಜಾನ್ ಪಾಷಾ. "ಮುಂದಿನ ಚಕ್ರ ಹೋಗಿ ಅದರ ಗಾಲಿಗೇ ಬಡೀತು. ಈಗ ಉರುಳೋದೇ ಇಲ್ಲ. ಒಂದೊಂದು ಸುತ್ತಿಗೂ ಒಂದು ಸಲ ಚಕ್ರ ಹಿಡಿದಿರೋ ಫೋರ್ಕಿನ ಕಾಲಿಗೆ ಉಜ್ಜಿ ನಿಂತುಬಿಡ್ತದೆ."

ಅವರು ಹುಣಸೂರಿನಲ್ಲಿ ಹತ್ತಿ ಹಿಂಜುವವರು. ಆಳುದ್ದದ ಬಿಲ್ಲನ್ನು ಹೆಗಲಿಗೇರಿಸಿ ಊರೂರು ತಿರುಗಿ, ಗಂಟುಗಟ್ಟಿದ ಹಾಸಿಗೆಯ ಹತ್ತಿಯನ್ನು ಮತ್ತೆ ಹೂವಾಗಿಸಿ ಕೊಡುವುದು ಜಾನ್ ಪಾಷಾನಿಗೆ ಅಪ್ಪನಿಂದ ಬಂದ ಕಸುಬು. ಎರಡು ವರ್ಷದಿಂದ ಅವನ ಬಲ ಮೊಣಕಾಲು ಕೈಕೊಟ್ಟಿತ್ತು. ನಡೆದು ಹೋಗಿ ಕಸುಬು ಮಾಡುವುದು ಇನ್ನಾಗದು ಅಂತ ಗೊತ್ತಾದ ಮೇಲೆಯೇ ಅಜೀಜುನ್ನೀಸಾ ತನ್ನ ಕಾಲುಗೆಜ್ಜೆ ಕೊಟ್ಟು ಈ ಹಳೇ ಸೈಕಲ್ ತರಿಸಿದ್ದಳು. ವಿಚಿತ್ರವೆಂದರೆ, ನಡೆಯಲಾರದ ಮೊಣಕಾಲು ಪೆಡಲು ತುಳಿಯುತ್ತಿತ್ತು.

ನಾಳೆ ಬೆಳಿಗ್ಗೆ ಕಟ್ಟೆಮಳಲವಾಡಿಯ ಪಟೇಲ ತಿಮ್ಮಯ್ಯನವರ ಮನೆಗೆ ಹೋಗಬೇಕು. ಮಗಳ ಮದುವೆಗೆ ಆರು ಹಾಸಿಗೆ. ಈ ಸಲ ನೀನು ಬರದಿದ್ದರೆ ಹತ್ತಿಯನ್ನೆಲ್ಲ ಮೈಸೂರಿನ ಯಂತ್ರಕ್ಕೆ ಕಳಿಸಿಬಿಡುತ್ತೇನೆ ಅಂತ ತಿಮ್ಮಯ್ಯ ಹೇಳಿ ಕಳಿಸಿದ್ದ. ಒಬ್ಬ ಪಟೇಲ ಯಂತ್ರಕ್ಕೆ ಕಳಿಸಿದರೆ ಊರೇ ಅವನ ಹಿಂದೆ ಹೋಗುತ್ತದೆ. ಆಮೇಲೆ ಬಿಲ್ಲನ್ನು ಒಲೆಗೆ ಇಡುವುದೇ.

ಊರಲ್ಲಿದ್ದದ್ದು ಒಂದೇ ಸೈಕಲ್ ರಿಪೇರಿ ಅಂಗಡಿ. ಅದರವನು ಬೀಗ ಹಾಕಿ ಮೈಸೂರಿಗೆ ಹೋಗಿ ನಾಲ್ಕು ದಿನವಾಗಿತ್ತು. ಹೊಸ ಚಕ್ರ ಕೊಳ್ಳೋಣವೆಂದರೆ ಯುದ್ಧ ಬಂದಾಗಿನಿಂದ ಹಡಗಿನಲ್ಲಿ ಬರುತ್ತಿದ್ದ ಸೀಮೆಯ ಸಾಮಾನು ಕಣ್ಣಿಗೇ ಬೀಳುತ್ತಿರಲಿಲ್ಲ.

"ಚಕ್ರ ತಾನೆ? ನಾನಿಲ್ವಾ?" ಅಂತ ಬಂದವನು ಪಕ್ಕದ ಮನೆಯ ಚಾಮಯ್ಯ. ಎತ್ತಿನ ಗಾಡಿಯ ಗಾಲಿ ಮಾಡುವುದರಲ್ಲಿ ಹುಣಸೂರಿಗೇ ಹೆಸರಾದವನು. ಸೈಕಲ್ಲಿನ ಸೀಟಿನ ಹಿಂದಿನ ತೊಗಲ ಚೀಲದಲ್ಲಿ ಚಕ್ರದ ಕಡ್ಡಿಗಳನ್ನು ಬಿಗಿಯುವ, ಹಲ್ಲುಹಲ್ಲಾಗಿದ್ದ ಪುಟ್ಟ ಚಾವಿಯೊಂದಿತ್ತು. ಕಡ್ಡಿ ರಿಮ್ಮಿಗೆ ಸೇರುವಲ್ಲಿರುವ ನಿಪ್ಪಲ್ ಎಂಬ ಹಿತ್ತಾಳೆ ತಿರುಪನ್ನು ಅದು ಕಚ್ಚಿ ಹಿಡಿಯುತ್ತದೆ. ಚಾಮಯ್ಯ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಗಾಲಿ ಅಲ್ಲಾಡ್ತದೆ ಅಂದ್ರೆ ಸಡಿಲಾಗದೆ ಅಂತ್ಲೇ ಅರ್ಥ ಸಾಬ್ರೇ. ಎಲ್ಲಾನೂ ಬಿಗಿ ಮಾಡ್ಬುಟ್ರೆ ಆಯ್ತು," ಅಂದ.

ಅಂಗಳದಲ್ಲಿ ಹಳೇ ಕೌದಿ ಹಾಸಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದರು. ಟೈರು ಟ್ಯೂಬು ಬಿಚ್ಚಿ ಗೂಟಕ್ಕೆ ತೂಗುಹಾಕಿದರು. ಚಾಮಯ್ಯ ಒಂದು ಕಣ್ಣು ಮುಚ್ಚಿ, ತೋರುಬೆರಳನ್ನು ರಿಮ್ಮಿನ ಪಕ್ಕ ಹಿಡಿದು, ಚಕ್ರ ತಿರುಗಿಸಿ, ಬೆರಳಿಗೆ ತಾಗಿದಲ್ಲೆಲ್ಲ ಚಾವಿ ಹಾಕಿ ಬಲಕ್ಕೆ ತಿರುಗಿಸಿದ. ಮೊದಲು ನಿಂತು ಮೇಲ್ಗಡೆ ಮಾಡಿದ. ಸೊಂಟ ನೋವು ಬಂದ ಮೇಲೆ ಮಣೆ ಹಾಕಿ ಕೂತು, ಮಿಕ್ಕ ಕಡ್ಡಿಗಳನ್ನು ಕೆಳಕ್ಕೆ, ತನ್ನ ಮಡಿಲ ಹತ್ತಿರ ತಂದುಕೊಂಡು ಮಾಡಿದ. ಒಂದು ಗಂಟೆಯಾದ ಮೇಲೆ ತಿರುಗಿಸಿ ನೋಡಿದರೆ ಚಕ್ರ ಕಳ್ಳು ಕುಡಿದವನ ಹಾಗೆ ಆ ಕಡೆ ಈ ಕಡೆ ವಾಲಾಡಿತು. ಮೊದಲು ಒಂದೇ ಕಡೆ ಉಜ್ಜುತ್ತಿದ್ದದ್ದು ಈಗ ಮೂರು ಕಡೆ ಉಜ್ಜಿತು.

"ಕಬ್ಬಿಣಾನೇ ಕೆಟ್ಟದ್ದು ಬುಡಿ," ಅಂದ ಚಾಮಯ್ಯ. "ಮರದ್ದಾಗಿದ್ರೆ ನಾನು ಹಿಂಗೆ ಬುಡ್ತಿರಲಿಲ್ಲ."

ಜಾನ್ ಪಾಷಾ ಮೊಣಕಾಲು ನೀವಿಕೊಳ್ಳುತ್ತ ಗೋಡೆಗೆ ಒರಗಿದ. "ತಿಮ್ಮಯ್ಯನವರಿಗೆ ಬರಕ್ಕಾಗಲ್ಲ ಅಂತ ಹೇಳಿ ಕಳಿಸೋಣ ಕಣೆ."

ಅಜೀಜುನ್ನೀಸಾ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಅಂಗಳಕ್ಕೆ ಇಳಿದಳು. "ಇನ್ನೂ ಹೊತ್ತು ಮುಳುಗಿಲ್ಲ. ಚಾವಿ ಇತ್ತ ಕೊಡಿ."

"ಏನ್ ಬೂಬಮ್ಮ, ಚಕ್ರಾನೂ ಹಿಂಜ್ತೀರಾ?" ಅಂದ ಚಾಮಯ್ಯ.

"ಹಿಂಜಿದ್ದಾಯ್ತಲ್ಲ ಚಾಮಣ್ಣ ನೀವೇ. ನಾನು ಹಾಸಿಗೆ ಹೊಲೀತೀನಿ ಬುಡಿ."

ಚಾಮಯ್ಯನೇ ಮೊದಲು ನಕ್ಕ.

ಅವಳು ಮೊದಲು ರಿಮ್ಮನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿದಳು. ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ಗುಂಬದಲ್ಲಿ ಲೊಡಲೊಡ ಇರಲಿಲ್ಲ. ಹಾಗಾದರೆ ಊನ ಇರುವುದು ಕಡ್ಡಿಗಳಲ್ಲೇ. ಆಮೇಲೆ ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟುತ್ತ ಹೋದಳು. ಇಪ್ಪತ್ತು ವರ್ಷ ಗಂಡನ ಬಿಲ್ಲಿಗೆ ಕರುಳಿನ ತಂತಿ ಬಿಗಿದವಳು ಅವಳೇ. ತಂತಿ ಸಡಿಲಿದ್ದರೆ ಹತ್ತಿ ಹಾರುವುದಿಲ್ಲ, ಅತಿ ಬಿಗಿಯಾದರೆ ತಂತಿ ಕಡಿಯುತ್ತದೆ. ಬಿಗಿ ಎಷ್ಟೆಂದು ಅವಳ ಕಿವಿಗೆ ಗೊತ್ತಿತ್ತು. ಮೂವತ್ತೆರಡು ಕಡ್ಡಿಗಳಲ್ಲಿ ಕೆಲವು 'ಕಿಣ್' ಎಂದು ಕಿರುಚಿದವು. ಕೆಲವು ಒದ್ದೆ ಹಗ್ಗದ ಹಾಗೆ 'ದಬ್' ಎಂದವು.

"ಚಾಮಣ್ಣ, ಇವೆಲ್ಲಾನೂ ಬಿಗಿ ಮಾಡಿದ್ರಿ ತಾನೆ?"

"ಎಲ್ಲಾನೂ. ಬಲಕ್ಕೇ ತಿರುಗ್ಸಿವ್ನಿ, ನನ್ನಾಣೆ."

"ಹಂಗಾದ್ರೆ ಇದ್ಯಾಕೆ ಸತ್ತು ಬಿದ್ದದೆ?"

ಅಜೀಜುನ್ನೀಸಾ ಚಾಮಯ್ಯ ಕೂತಿದ್ದ ಮಣೆಯ ಮೇಲೆ ಕೂತಳು. ದಬ್ ಎನ್ನುವ ಒಂದು ಕಡ್ಡಿಯನ್ನು ಕೆಳಗೇ ಇಟ್ಟುಕೊಂಡು, ಚಾಮಯ್ಯನಂತೆಯೇ ಮೇಲಿನಿಂದ ಬಗ್ಗಿ ನೋಡುತ್ತ, ಚಾವಿಯನ್ನು ಬಲಕ್ಕೆ ಅರ್ಧ ಸುತ್ತು ತಿರುಗಿಸಿ ಮೀಟಿದಳು. ದನಿ ಇನ್ನೂ ಇಳಿಯಿತು. ಅದೇ ಕಡ್ಡಿಯನ್ನು ಮೇಲಕ್ಕೆ ತಂದು, ಮತ್ತೆ ಬಲಕ್ಕೇ ಒಂದು ಸುತ್ತು ತಿರುಗಿಸಿ ಮೀಟಿದಳು. ದನಿ ಏರಿತು.

"ನೋಡಿ ಚಾಮಣ್ಣ. ಮೇಲಿದ್ದಾಗ ನೀವು ತಿರುಪಿನ ತಲೆ ಕಡೆಯಿಂದ ನೋಡ್ತೀರಿ. ಕೆಳಗಿದ್ದಾಗ ಅದರ ಕಾಲ್ಕಡೆಯಿಂದ ನೋಡ್ತೀರಿ. ಕೈ ಎರಡು ಸಲಾನೂ ಬಲಕ್ಕೇ ಹೋಯ್ತು, ತಿರುಪು ಮಾತ್ರ ಒಂದು ಸಲ ಬಿಗೀತು, ಒಂದು ಸಲ ಸಡಿಲಾಯ್ತು. ನಿಂತು ಬಿಗಿದ್ರಿ, ಕೂತು ಬಿಚ್ಚಿದ್ರಿ!"

ಚಾಮಯ್ಯ ಬಗ್ಗಿ ನೋಡಿದ. ಮೇಲೆ ನೋಡಿದ. ಮತ್ತೆ ಬಗ್ಗಿದ. "ಅಯ್ ಶಿವನೇ," ಅಂದ. "ಸೊಂಟನೋವು ಎಂಥಾ ಕೆಲಸ ಮಾಡ್ತು ನೋಡಿ ಸಾಬ್ರೇ."

ಇನ್ನು ಯಾವ ಕಡ್ಡಿಯೇ ಆಗಲಿ, ಮೇಲಕ್ಕೆ ತಂದೇ ಚಾವಿ ಹಾಕುವುದು ಅಂತ ಅವಳು ನಿಶ್ಚಯಿಸಿದಳು. ತುಕ್ಕು ಹಿಡಿದ ನಿಪ್ಪಲುಗಳಿಗೆ ಸೀಮೆಎಣ್ಣೆಯ ಹನಿ ಬಿಟ್ಟಳು. ಅದು ಇಳಿಯುವಷ್ಟರಲ್ಲಿ ರಾತ್ರಿಯ ಹಿಟ್ಟಿಗೆ ಎಸರಿಟ್ಟು ಬಂದಳು. ಬಂದು, ಕಿರುಚುವ ಕಡ್ಡಿಗಳನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಸತ್ತವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಓಗೊಡುವಂತೆ ಮಾಡಿದಳು.

"ಈಗ ಬೆರಳು ಹಿಡೀಲಾ?" ಅಂದ ಜಾನ್ ಪಾಷಾ. ಅವನ ಮುಖಕ್ಕೆ ಕಳೆ ಬರತೊಡಗಿತ್ತು.

"ಬೆರಳು ಬ್ಯಾಡ್ರೀ. ಚಕ್ರ ಅಲ್ಲಾಡ್ತದೆ, ಬೆರಳೂ ಅಲ್ಲಾಡ್ತದೆ. ಯಾವುದನ್ನ ನಂಬೋದು?"

ಅವಳು ಬುಟ್ಟಿಯಿಂದ ಒಂದು ಬಿದಿರ ಸೀಳು ಕಿತ್ತು, ಅದರ ತುದಿ ರಿಮ್ಮಿನ ಪಕ್ಕಕ್ಕೆ ನೇರವಾಗಿ ಮುಖ ಮಾಡುವಂತೆ ಗೋಡೆ ಕಡೆಯ ಫೋರ್ಕಿನ ಕಾಲಿಗೆ ಬಿಲ್ಲಿನ ಹಳೇ ಕರುಳ ತಂತಿಯಿಂದ ಬಿಗಿದಳು. ಉಗುರಿನಿಂದ ತಳ್ಳಿದರೂ ಸೀಳು ಮಿಸುಕಲಿಲ್ಲ. ಚಕ್ರವನ್ನು ಮೆಲ್ಲನೆ ತಿರುಗಿಸಿದಳು. ಒಂದು ಕಡೆ ಸೀಳಿಗೂ ರಿಮ್ಮಿಗೂ ನಡುವೆ ಹುಣಸೆ ಬೀಜ ಹಿಡಿಸುವಷ್ಟು ಸಂದು, ಇನ್ನೊಂದು ಕಡೆ ಟಕ್ಕೆಂದು ತಾಗಿ ನಿಂತಿತು. ತಾಗಿದಲ್ಲಿ ಸುಣ್ಣದಿಂದ ಒಂದು ಬೊಟ್ಟಿಟ್ಟಳು.

ಗುಂಬದ ಎರಡು ಅಂಚಿನಿಂದ ಕಡ್ಡಿಗಳು ಹೊರಟು ರಿಮ್ಮಿಗೆ ಬರುತ್ತಿದ್ದವು, ಗೋಡೆ ಕಡೆಯಿಂದ ಒಂದು, ಅಂಗಳದ ಕಡೆಯಿಂದ ಒಂದು. ಬೊಟ್ಟಿನ ಹತ್ತಿರ ರಿಮ್ಮು ಗೋಡೆ ಕಡೆಗೆ ವಾಲಿತ್ತು. ಅವಳು ಅಲ್ಲಿದ್ದ ಅಂಗಳದ ಕಡೆಯ ಎರಡು ಕಡ್ಡಿಗಳನ್ನು ಕಾಲು ಸುತ್ತು ಬಿಗಿದಳು. ಅವುಗಳ ಪಕ್ಕದ ಗೋಡೆ ಕಡೆಯ ಎರಡನ್ನು ಕಾಲು ಸುತ್ತು ಸಡಿಲಿಸಿದಳು.

"ಸಡಿಲ ಯಾಕ್ ಮಾಡ್ತೀರಾ?" ಚಾಮಯ್ಯನಿಗೆ ತಡೆಯಲಾಗಲಿಲ್ಲ. "ನಮ್ಮ ಗಾಲಿನಾಗೆ ಮರದ ಕಡ್ಡಿ, ಅದೇ ಅರೆಕಾಲು, ಸಡಿಲಾದ್ರೆ ಗಾಡೀನೇ ಕೂತ್ಕತದೆ."

"ನಿಮ್ಮ ಗಾಲೀಲಿ ಅರೆಕಾಲು ಕಂಬ ಚಾಮಣ್ಣ, ಹೊರ್ತದೆ. ಇದರ ಕಡ್ಡಿ ಹಗ್ಗ, ಎಳೀತದೆ. ಆ ಕಡೆಯೋರು ಎಳೀಬೇಕು ಅಂದ್ರೆ ಈ ಕಡೆಯೋರು ಒಂಚೂರು ಬುಡಬೇಕು. ಇಬ್ಬರೂ ಹಟ ಹಿಡಿದ್ರೆ ನಡುವೆ ಇರೋ ರಿಮ್ಮು ಮೊಟ್ಟೆ ಥರ ಸೊಟ್ಟಾಯ್ತದೆ."

"ಸಂಸಾರ ಇದ್ದಂಗೆ ಅನ್ನಿ."

"ಸಂಸಾರದಾಗೆ ಬುಡೋದು ಯಾವಾಗ್ಲೂ ಒಬ್ಬರೇ," ಅಂದಳು ಅಜೀಜುನ್ನೀಸಾ, ಗಂಡನ ಕಡೆ ನೋಡದೆ. ಜಾನ್ ಪಾಷಾ ಕೆಮ್ಮಿದ.

ತಿರುಗಿಸುವುದು, ನೋಡುವುದು, ಕಾಲು ಸುತ್ತು. ಮತ್ತೆ ತಿರುಗಿಸುವುದು. ರಿಮ್ಮು ಸೀಳಿನಿಂದ ತೀರಾ ದೂರ ಸರಿದಲ್ಲಿ ಇದನ್ನೇ ತಿರುವುಮುರುವು ಮಾಡಿದಳು. ಜಾನ್ ಪಾಷಾ ಎರಡು ಸಲ, "ಒಂದೇ ಏಟಿಗೆ ಪೂರ್ತಿ ಸುತ್ತು ತಿರುಗಿಸು ಮಾರಾಯ್ತಿ, ಹೊತ್ತಾಯ್ತದೆ," ಅಂದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ರಿಮ್ಮು ಎಲ್ಲೂ ತಾಗದಂತಾದಾಗ ಸೀಳನ್ನು ಇನ್ನಷ್ಟು ಹತ್ತಿರ ಸರಿಸಿ ಕಟ್ಟಿದಳು. ಆಗ ಮತ್ತೆ ಎರಡು ಕಡೆ ತಾಗಿತು. ಅದನ್ನೂ ತೆಗೆದಳು. ಹಿತ್ತಿಲ ನುಗ್ಗೆಮರದ ನೆರಳು ಅಂಗಳ ದಾಟಿ ಗೋಡೆ ಹತ್ತುವ ಹೊತ್ತಿಗೆ ಸೀಳಿಗೂ ರಿಮ್ಮಿಗೂ ನಡುವೆ ರಾಗಿ ಕಾಳಿನಷ್ಟು ಸಂದು ಸುತ್ತಲೂ ಒಂದೇ ಸಮನಾಗಿ ಉಳಿಯಿತು.

"ಮುಗೀತು!" ಅಂದ ಜಾನ್ ಪಾಷಾ.

"ಇಲ್ಲ." ಅವಳು ಚಕ್ರವನ್ನು ಬಿಚ್ಚಿಸಿ, ಎಡ ಬಲ ಅದಲು ಬದಲು ಮಾಡಿ ಮತ್ತೆ ಅದೇ ಫೋರ್ಕಿಗೆ ಕೂರಿಸಿದಳು. ಆಗಲೂ ಸೀಳಿನ ಹತ್ತಿರ ಅದೇ ರಾಗಿ ಕಾಳಿನ ಸಂದು; ರಿಮ್ಮು ಒಂದು ಪಕ್ಕಕ್ಕೆ ಸರಿದಿದ್ದರೆ ಅದು ಬದಲಾಗುತ್ತಿತ್ತು. ಚಕ್ರ ನೇರವೂ ಇತ್ತು, ನಟ್ಟನಡುವೆಯೂ ಇತ್ತು. ಗಾಲಿ ಮಾಡುವ ಚಾಮಯ್ಯನಿಗೆ ಆ ಪರೀಕ್ಷೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನೇ ಎದ್ದು ಗೂಟದಿಂದ ಟೈರು ತಂದುಕೊಟ್ಟ.

ಬೆಳಿಗ್ಗೆ ಜಾನ್ ಪಾಷಾ ಬಿಲ್ಲನ್ನು ಸೈಕಲ್ಲಿನ ಉದ್ದಕ್ಕೆ ಕಟ್ಟಿಕೊಂಡು ಹೊರಟ. ಫೋರ್ಕಿನಲ್ಲಿ ಬಿದಿರ ಸೀಳು ಹಾಗೇ ಇತ್ತು.

"ಇದನ್ನ ಬಿಚ್ಚೋದು ಮರೆತೆಯಲ್ಲೇ!"

"ಮರೆತಿಲ್ಲ. ಹೊಸದಾಗಿ ಬಿಗಿದ ತಂತಿ ಮೊದಲ ದಿನ ಸ್ವಲ್ಪ ಇಳೀತದೆ, ಗೊತ್ತಿಲ್ವಾ ನಿಮಗೆ? ಕಡ್ಡೀನೂ ಹಂಗೇ. ರಿಮ್ಮು ವಾಲಿದ್ರೆ ಇದು ಟಿಕ್ ಟಿಕ್ ಅಂತದೆ. ಕೇಳಿಸ್ಕೊಂಡು ಬಂದು ಹೇಳಿ."

ಅವನು ಹತ್ತಿ ತುಳಿದ. ಅಜೀಜುನ್ನೀಸಾ ಬಾಗಿಲ ಪರದೆಯ ಸಂದಿನಲ್ಲಿ ಕಿವಿಗೊಟ್ಟು ನಿಂತಳು. ಬೀದಿಯ ಕೊನೆಯವರೆಗೂ ಉಜ್ಜುವ ಸದ್ದಿಲ್ಲ. ತಿರುವಿನಲ್ಲಿ ಒಮ್ಮೆ ಗಂಟೆ ಬಾರಿಸಿದ್ದು ಮಾತ್ರ ಕೇಳಿಸಿತು. ಅದು ಅವನ ಗರ್ವ.

ಮೂರನೆಯ ದಿನ ಸಂಜೆ ಅವನು ಮೈಯೆಲ್ಲ ಹತ್ತಿಯ ಧೂಳು ಹೊತ್ತು, ಸೈಕಲ್ಲಿನ ಮೇಲೆಯೇ ಬಂದು ಇಳಿದ. ಆರು ಹಾಸಿಗೆಯೂ ಆಗಿದ್ದವು. ತಿಮ್ಮಯ್ಯನ ಬೀಗರು ತಮ್ಮೂರಿಗೂ ಬರಬೇಕೆಂದು ದಿನ ಗೊತ್ತು ಮಾಡಿದ್ದರು.

"ಟಿಕ್ ಅಂತಾ?" ಅವಳು ಕೇಳಿದ್ದು ಅಷ್ಟೇ.

"ಬರೋವಾಗ. ಒಂದೊಂದು ಸುತ್ತಿಗೂ ಒಂದೇ ಒಂದು ಸಲ, ಮೆತ್ತಗೆ."

ಅವಳು ಚಾವಿ ಎತ್ತಿಟ್ಟಿದ್ದ ಬಾಗಿಲ ಗೂಡಿಗೆ ಕೈ ಹಾಕಿದಳು. ಚಾವಿ ಅಲ್ಲಿರಲಿಲ್ಲ. ಪಕ್ಕದ ಅಂಗಳದಲ್ಲಿ ಚಾಮಯ್ಯ ಯಾರದೋ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿಕೊಂಡು, ಸೊಂಟ ಹಿಡಿದುಕೊಂಡೇ ನಿಂತು ಕೆಲಸ ಮಾಡುತ್ತಿದ್ದ. ಫೋರ್ಕಿಗೆ ಬಿದಿರ ಸೀಳು ಕಟ್ಟಿತ್ತು.

"ಒಂದ್ ಗಳಿಗೆ ತಡೀರಿ ಬೂಬಮ್ಮ, ತಂದ್‌ಕೊಟ್ಟೆ," ಅಂದ. "ಕೂತಿಲ್ಲ ನೋಡಿ!"