ಮಾಹಿರಾ ಬಿಟ್ಟ ಹೆಜ್ಜೆ

ರಿಯಲ್ ಅನಾಲಿಸಿಸ್ ಪರೀಕ್ಷೆಗೆಂದು ಮಾಹಿರಾ ಪ್ರತಿ ಪ್ರಮೇಯದ ಮೂಲ ವಿಚಾರ, ಮುಖ್ಯ ಹೆಜ್ಜೆಗಳು, ಎಡವುವ ಜಾಗಗಳನ್ನು ಒಂದೊಂದು ಪುಟಕ್ಕೆ ಇಳಿಸಿದ್ದಳು. ಎಂ.ಎಸ್ಸಿ. ಗಣಿತ ತರಗತಿಯ ಇಪ್ಪತ್ತಾರು ಮಂದಿ ಅದನ್ನೇ ಜೆರಾಕ್ಸ್ ಮಾಡಿಸಿಕೊಂಡಿದ್ದರು.

ಪರೀಕ್ಷೆಯ ಬೆಳಿಗ್ಗೆ ಮಸ್ಕಿಯಿಂದ ಸಿಂಧನೂರಿಗೆ ಹೊರಟ ಬಸ್ಸಿನಲ್ಲಿ ಗೆಳತಿ ಅಮರೇಶ್ವರಿ ಆ ಪುಟಗಳ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಮುಚ್ಚಿದ, ಮಿತಿಯುಳ್ಳ ಅಂತರದಲ್ಲಿ ನಿರಂತರವಾದ ಫಲನ ಏಕರೂಪವಾಗಿಯೂ ನಿರಂತರ ಎಂದು ಸಾಧಿಸುವ ಪುಟ ಅದು. ಪ್ರತಿ ಬಿಂದುವಿಗೂ ಡೆಲ್ಟಾ ಎಂಬ ತನ್ನದೇ ಸುರಕ್ಷಿತ ದೂರವಿರುತ್ತದೆ; ಎಲ್ಲ ಬಿಂದುಗಳಿಗೂ ಹೊಂದುವ, ಸೊನ್ನೆಯಲ್ಲದ ಒಂದೇ ಡೆಲ್ಟಾ ಹುಡುಕಬೇಕು.

“ಎಲ್ಲಾ ಬಿಂದುವಿನ ಡೆಲ್ಟಾದಾಗ ಸಣ್ಣದು ತಗೋ ಅಂತ ಬರದೀ. ಬಿಂದು ಅನಂತ ಅದಾವ. ಡೆಲ್ಟಾ ಸಣ್ಣಾಗ್ತಾ ಸೊನ್ನೀಗೆ ಹತ್ರ ಹೋದ್ರ?”

ಮಾಹಿರಾ ಆ ಸಾಲನ್ನು ಮತ್ತೆ ಓದಿದಳು. ಪುಟ ಚಿಕ್ಕದಾಗಲೆಂದು ಅವಳೇ ಒಂದು ಹೆಜ್ಜೆ ಬಿಟ್ಟಿದ್ದಳು.

“ಎಲ್ಲಾರೂ ಇದನ್ನ ಬಾಯಿಪಾಠ ಮಾಡ್ಯಾರ,” ಎಂದಳು.

ತಕ್ಷಣ ತರಗತಿಯ ವಾಟ್ಸಾಪ್ ಗುಂಪಿಗೆ ಬರೆದಳು: “ಏಕರೂಪ ನಿರಂತರತೆಯ ನನ್ನ ಪುಟ ತಪ್ಪು ಅದ. ಪ್ರತಿ ಬಿಂದುವಿನ ಸುತ್ತ ಅರ್ಧ ಡೆಲ್ಟಾದ ತೆರೆದ ಅಂತರ ಇಡ್ರಿ. ಅವುಗಳಲ್ಲಿ ಎಣಿಸಿ ಮುಗಿಯುವಷ್ಟೇ ಇಡೀ ಅಂತರವನ್ನ ಮುಚ್ಚತಾವ. ಆ ಅರ್ಧಗಳಲ್ಲಿ ಸಣ್ಣದನ್ನ ತಗೋರಿ.”

ಪ್ರಶ್ನೆಪತ್ರಿಕೆಯ ಮೊದಲ ಪ್ರಶ್ನೆಯೇ ಅದಾಗಿತ್ತು. ಹೊರಗೆ ಬಂದವರೆಲ್ಲ ಹಗುರಾಗಿ ನಗುತ್ತಿದ್ದರು. ಬಳಗಾನೂರಿನಿಂದ ಬರುವ ಸಹಪಾಠಿ ವೀರೇಶ ಮಾತ್ರ ಹೆಮ್ಮೆಯಿಂದ ಬಂದು, “ನಿನ್ನ ಪುಟ ಇದ್ದಂಗ ಬರದೀನಿ ನೋಡು, ಒಂದಕ್ಷರ ಬಿಟ್ಟಿಲ್ಲ. ಫೋನ್ ಮನ್ಯಾಗ ಉಳೀತು, ದಾರ್ಯಾಗೂ ಅದನ್ನೇ ಓದ್ಕೋತ ಬಂದೆ,” ಎಂದ.

ಮಾಹಿರಾ ಮೆಟ್ಟಿಲ ಮೇಲೆ ಕೂತಳು. ಬೆಳಿಗ್ಗೆ ಗುಂಪಿಗೆ ಬರೆದದ್ದನ್ನು ತನ್ನ ಫೋನಿನಲ್ಲಿ ತೆರೆದು ಅವನ ಕೈಗೆ ಕೊಟ್ಟಳು.