ಹೊಳೆಯಮ್ಮನ ಮೇಲಿನ ಅಪವಾದ

ಈಜಿನಲ್ಲಿ ಮೀನಿನಂತಿದ್ದ ರವೀಂದ್ರನನ್ನು ತುಂಬು ಹರೆಯದಲ್ಲೇ ಹೊಳೆಯಮ್ಮ ಎಳೆದುಕೊಂಡಳೆಂದು ಹಳೇಕೋಟೆಯಲ್ಲಿ ಈಗಲೂ ಹೇಳುವುದುಂಟು. ಅವನ ಅಕ್ಕ ಶಿವನಂಜಮ್ಮನೂ ಹಾಗೆಯೇ ನಂಬಿದ್ದಳು.

ಮಗಳು ಭವ್ಯಶ್ರೀ ಓಟದಲ್ಲಿ ಗೆದ್ದು ಹಾಸನದ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆಯಾದಾಗ, ತಪಾಸಣೆಗೆಂದು ಆಸ್ಪತ್ರೆಗೆ ಕರೆತಂದಳು. ಮಗಳ ಇಸಿಜಿ ಸರಿಯಾಗಿಯೇ ಇತ್ತು. ಡಾಕ್ಟರು ಸಹಿ ಹಾಕಲು ಪೆನ್ನು ತೆಗೆದು, "ಮನೇಲಿ ಯಾರಿಗಾದ್ರೂ ಹೃದಯದ ಕಾಯಿಲೆ ಇದೆಯಾ?" ಎಂದರು.

"ಇಲ್ಲ ಸಾ."

"ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ತೀರಿಕೊಂಡವರು? ನೀರಲ್ಲಾದರೂ ಸರಿ."

ಶಿವನಂಜಮ್ಮನಿಗೆ ತಮ್ಮ ನೆನಪಾದ. ಹೇಳಿದರೆ ಮಗಳ ಸೀಟು ಹೋದೀತು. ಬೇಡವೆನ್ನುವಂತೆ ಭವ್ಯಶ್ರೀ ಅವಳ ಸೆರಗು ಜಗ್ಗಿದಳು.

"ನನ್ ತಮ್ಮ ಸಾ. ಈಜ್ತಾ ಈಜ್ತಾನೇ ಒಂಟೋದ."

ಡಾಕ್ಟರು ಪೆನ್ನು ಮುಚ್ಚಿದರು. "ಈಜುವಾಗ, ಓಡುವಾಗ ಹೃದಯದ ಬಡಿತ ದಿಕ್ಕೆಡಿಸೋ ಕಾಯಿಲೆಯೊಂದು ವಂಶದಲ್ಲಿ ಬರುತ್ತಮ್ಮ. ಇಸಿಜಿ ಸರಿ ಕಂಡರೂ ಒಳಗೆ ಇರಬಹುದು. ನಿಮ್ಮದೂ ತೆಗೆಯೋಣ."

ತಾಯಿಯ ಇಸಿಜಿಯಲ್ಲಿ ಅಲೆಗಳ ನಡುವಿನ ಒಂದು ಅಂತರ ಮಿತಿಮೀರಿ ಉದ್ದವಾಗಿತ್ತು.

"ಇದೇ ಆ ಕಾಯಿಲೆಯ ಗುರುತು. ಮಗಳಿಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ವಂಶವಾಹಿ ಪರೀಕ್ಷೆ ಆಗೋವರೆಗೂ ಓಟ ಬೇಡ. ಮಾತ್ರೆ ಕೊಟ್ಟರೆ ಅಪಾಯ ತಗ್ಗುತ್ತೆ."

"ಯಾಕವ್ವ ಬಾಯ್ಬಿಟ್ಟೆ?" ಎಂದು ಭವ್ಯಶ್ರೀ ಅತ್ತಳು.

"ಬಯ್ಕೊ ಕಣವ್ವ," ಎಂದಳು ಶಿವನಂಜಮ್ಮ. "ಬಯ್ಯಕ್ಕಾದ್ರೂ ನೀನಿರ್ಬೇಕಲ್ಲ."