ಎಲ್ಲ ಪುಟಕ್ಕೂ ಒಂದೇ ಬಟನ್ನು

ಉಯ್ಯಂಬಳ್ಳಿಯ ಬೋರಮ್ಮ ಕನಕಪುರದ ಆಫೀಸಿನ ಮೆಟ್ಟಿಲು ಹತ್ತಿ ಬಂದವಳೇ ಮೊಬೈಲನ್ನು ಸುಮನಾಳ ಮೂಗಿಗೆ ಹಿಡಿದಳು.

"ನೋಡವ್ವ, ಈ ಹಸ್ರು ಬಟನ್ನು ನಿಮ್ದೇ ತಾನೆ? ಒತ್ತಿ ದುಡ್ಡು ಕಟ್ಟಿದ್ದೀನಿ. ಹುಳ ಹಣ್ಣಾಗೋಯ್ತು, ಚಂದ್ರಿಕೆ ಇನ್ನೂ ಬಂದಿಲ್ಲ. ಹುಳ ಏನು ನನ್ ತಲೆ ಮ್ಯಾಲೆ ಗೂಡು ಕಟ್ಟಬೇಕಾ?"

ಸುಮನಾ ನೋಡಿದಳು. ಬಟನ್ನು ಅವಳದೇ. ರೇಷ್ಮೆ ಹುಳ ಗೂಡು ಕಟ್ಟುವ ಚಂದ್ರಿಕೆಯ ಫೋಟೋ, ಕೆಳಗೆ ಹೆಸರು, ಬೆಲೆ ಇರುವ ಚೌಕ ಕಾರ್ಡು, ಕಾರ್ಡಿಗೂ ಕಾರ್ಡಿಗೂ ನಡುವೆ ಬಿಟ್ಟ ಜಾಗ, ಎಲ್ಲವೂ ಅವಳದೇ. ಮೇಲಿದ್ದ ವಿಳಾಸ ಮಾತ್ರ ಬೇರೆ ಯಾರದೋ. ಯಾರೋ ಪುಣ್ಯಾತ್ಮರು ಸುಮನಾಳ ಕಂಪನಿಯ ವೇಷ ಹಾಕಿಕೊಂಡು ರೈತರನ್ನು ಬೋಳಿಸುತ್ತಿದ್ದರು.

ಆ ವೇಷದ ಒಂದೊಂದು ಅಂಗುಲವೂ ಸುಮನಾ ಹೊಲಿದದ್ದು. ಹುಚ್ಚಯ್ಯನವರ ಕಂಪನಿ ರೇಷ್ಮೆ ಸಾಕುವವರಿಗೆ ತಟ್ಟೆ, ಬಲೆ, ಚಂದ್ರಿಕೆ, ಬ್ಲೀಚಿಂಗ್ ಪೌಡರು ಮಾರುತ್ತಿತ್ತು. ಮೊದಲು ಒಂದೇ ವೆಬ್‌ಸೈಟು. ಆಮೇಲೆ ರಾಮನಗರಕ್ಕೊಂದು, ಮಾಗಡಿಗೊಂದು, ಚನ್ನಪಟ್ಟಣಕ್ಕೊಂದು. ಹೋದಲ್ಲೆಲ್ಲ ಒಬ್ಬೊಬ್ಬರು ಒಂದೊಂದು ಬಟನ್ನು ಬರೆದರು. ಒಂದು ಕಡೆ ಕೊಳ್ಳುವ ಬಟನ್ನು ನೀಲಿ, ಇನ್ನೊಂದು ಕಡೆ ಕಿತ್ತಳೆ, ಮಾಗಡಿಯಲ್ಲಂತೂ ಕೊಳ್ಳುವುದಕ್ಕೂ ರದ್ದು ಮಾಡುವುದಕ್ಕೂ ಒಂದೇ ಬಣ್ಣ. ಇದನ್ನೆಲ್ಲ ಸರಿಮಾಡುವ ಕೆಲಸವೇ ಡಿಸೈನ್ ಸಿಸ್ಟಂ. ಕೊಳ್ಳಲು ಹಸಿರು, ನೋಡಲು ಬಿಳಿ, ರದ್ದಿಗೆ ಕೆಂಪು. ಬೇರೆ ಬಟನ್ನು ಯಾರೂ ಬರೆಯಕೂಡದು. ಜಾಗ ಬಿಡುವುದಾದರೆ ಎಂಟು, ಹದಿನಾರು, ಇಪ್ಪತ್ನಾಲ್ಕು ಪಿಕ್ಸೆಲ್. ಕೈಗೆ ಬಂದ ಅಂಕಿ ಹಾಕುವಂತಿಲ್ಲ. ಈ ನಿಯಮಗಳೆಲ್ಲ ಒಂದು ಫೈಲಿನಲ್ಲಿ. ನಾಲ್ಕೂ ಊರಿನ ಸೈಟುಗಳು ಅದೇ ಫೈಲನ್ನು ಕರೆಸಿಕೊಂಡು ತೊಟ್ಟುಕೊಳ್ಳುತ್ತಿದ್ದವು. ಅಲ್ಲಿ ಒಂದು ಅಂಕಿ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ.

ಆ ಫೈಲನ್ನು ಮುಟ್ಟುವ ಅಧಿಕಾರ ಮೂವರಿಗಿತ್ತು: ಸುಮನಾ, ಹುಚ್ಚಯ್ಯನವರ ಅಕ್ಕನ ಮಗ ಮನು, ಮತ್ತೆ ಸುಮನಾಳ ಕೈಕೆಳಗಿನ ಹುಡುಗ ಸಿದ್ಧಾರ್ಥ.

ಬೋರಮ್ಮನನ್ನು ಸಮಾಧಾನ ಮಾಡಿ, ಗೋಡೌನಿನಿಂದ ಚಂದ್ರಿಕೆ ಹೊರಿಸಿ ಕಳಿಸಿದ ಮೇಲೆ ಹುಚ್ಚಯ್ಯ ಬಾಗಿಲು ಹಾಕಿದರು. "ಒಳಗಿನವ್ರೇ ಆ ಫೈಲು ಕೊಟ್ಟವ್ರೆ ಕಣಮ್ಮ. ಯಾರು ಅಂತ ನೀನೇ ಹೇಳು."

ಸುಮನಾ ಹೇಳಬೇಕಾಗಿರಲಿಲ್ಲ. ಅವಳ ಮನಸ್ಸು ಆಗಲೇ ಸಿದ್ಧಾರ್ಥನ ಮೇಜಿನ ಹತ್ತಿರ ಹೋಗಿ ನಿಂತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗಾಯಿತು. ಅವನು ಫೋನು ಬಂದರೆ ತಾರಸಿಗೆ ಹೋಗುತ್ತಾನೆ, ಯಾಕೆ? ಊಟಕ್ಕೆ ಎಲ್ಲರೊಡನೆ ಕೂರುವುದಿಲ್ಲ, ಯಾಕೆ? ಹೋದ ತಿಂಗಳು ಕೇಳಿದ್ದನಲ್ಲ, "ಅಕ್ಕ, ನಮ್ ಬಟನ್ನು ಕಾರ್ಡು ತೋರ್ಸೋ ಪುಟ ಇದ್ಯಲ್ಲ, ಅದುನ್ನ ಹೊರಗಿನವ್ರೂ ನೋಡ್ಬೋದಾ?" ಅಂತ. ಅದನ್ನು ಇವನು ಯಾಕೆ ಕೇಳಬೇಕಿತ್ತು? ಅವಳು ಹೇಳಿದಂತೆ ಆ ಕಾರ್ಡನ್ನು ಬರೆದವನೂ ಅವನೇ. ಮನುವೂ ಫೋನು ಹಿಡಿದು ದಿನವಿಡೀ ಹೊರಗೇ ಇರುತ್ತಿದ್ದ. ಅದು ಅವಳಿಗೆ ನೆನಪಾಗಲೇ ಇಲ್ಲ.

ನಿಜ ಹೇಳಬೇಕೆಂದರೆ, ಆ ಕಳ್ಳ ಪುಟದ ಒಳಗಿನ ಬರಹ, ಅದರ ಕೋಡು, ತೆರೆದು ನೋಡುವುದು ಎರಡು ನಿಮಿಷದ ಕೆಲಸ. ಅವಳು ನೋಡಲಿಲ್ಲ. ಕಳ್ಳ ಯಾರೆಂದು ಮೊದಲೇ ಗೊತ್ತಿದ್ದವಳಿಗೆ ನೋಡುವ ದರ್ದಾದರೂ ಏನು?

"ಸಿದ್ಧಾರ್ಥ ಇರ್ಬೋದೇನೋ ಸಾರ್," ಅಂದಳು.

"ನಾನೂ ಅದೇ ಅಂದ್ಕೊಂಡೆ," ಅಂದರು ಹುಚ್ಚಯ್ಯ, ಒಂದು ಚಣ ತಡಮಾಡದೆ.

ಎಲ್ಲರ ಎದುರಿಗೇ ಅವನ ಬ್ಯಾಗು ಬಿಚ್ಚಿಸಿದರು. ಲ್ಯಾಪ್‌ಟಾಪು ತೆಗೆಸಿದರು, ಮೊಬೈಲು ಮನುವಿನ ಕೈಗೆ ಕೊಡಿಸಿ ಮೆಸೇಜುಗಳನ್ನು ಓದಿಸಿದರು. ಬ್ಯಾಗಿನಲ್ಲಿ ಸಿಕ್ಕಿದ್ದು ಒಂದು ಟಿಫಿನ್ ಡಬ್ಬಿ, ಒಂದು ಚಾರ್ಜರು. ಏನೂ ಸಿಗದಿದ್ದದ್ದೇ ಇನ್ನೂ ದೊಡ್ಡ ಅನುಮಾನವಾಯಿತು. "ಚಾಲಾಕಿ ಕಣ್ ಮಾವ, ಎಲ್ಲ ಅಳ್ಸಿಬುಟ್ಟವ್ನೆ," ಅಂದ ಮನು. ಗೊತ್ತಾಗುವವರೆಗೂ ಬರಬೇಡ ಅಂದರು ಹುಚ್ಚಯ್ಯ. ಸಿದ್ಧಾರ್ಥ ಡಬ್ಬಿಯನ್ನು ಬ್ಯಾಗಿಗೆ ತುರುಕಿಕೊಂಡು, ಸುಮನಾಳ ಕಡೆ ಒಮ್ಮೆ ನೋಡಿ, ಇಳಿದು ಹೋದ.

ಎರಡು ದಿನ ಕಳೆದವು. ಕಾರ್ಡುಗಳು ಮೊಬೈಲಿನಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ ಎಂದು ಮಾಗಡಿಯವರು ದೂರಿದ್ದರಿಂದ ಸುಮನಾ ಫೈಲು ತೆರೆದು ಆ ಜಾಗವನ್ನು ಹದಿನಾರರಿಂದ ಇಪ್ಪತ್ನಾಲ್ಕು ಮಾಡಿದಳು. ಮಾಗಡಿ ಪುಟವನ್ನು ಮತ್ತೆ ತೆರೆಯಲು ಹೋಗಿ, ಪೊಲೀಸು ಕಂಪ್ಲೇಂಟಿಗೆಂದು ಪಕ್ಕದಲ್ಲೇ ತೆರೆದಿಟ್ಟಿದ್ದ ಕಳ್ಳ ಪುಟವನ್ನೇ ತಪ್ಪಿ ಹೊಸದಾಗಿ ತೆರೆದಳು.

ಕಳ್ಳ ಪುಟದ ಕಾರ್ಡುಗಳೂ ದೂರ ಸರಿದು ನಿಂತವು.

ಈಗ ಒಳಗಿನ ಬರಹ ತೆರೆದಳು. ಮೊದಲಲ್ಲೇ ಇತ್ತು, ತನ್ನದೇ ಫೈಲಿನ ವಿಳಾಸ. ಯಾರೂ ಏನನ್ನೂ ಕೊಟ್ಟಿರಲಿಲ್ಲ. ಊರೂರಿನ ಸೈಟುಗಳಿಗೆ ಸುಲಭವಾಗಲಿ ಎಂದು ಅವಳೇ ಅದನ್ನು ಯಾರು ಕರೆದರೂ ಬರುವಂತೆ ಇಟ್ಟಿದ್ದಳು. ಬಟನ್ನು ಕಾರ್ಡುಗಳ ನಮೂನೆ ತೋರಿಸುವ ಪುಟಕ್ಕೂ ಬೀಗ ಹಾಕಿರಲಿಲ್ಲ. ಅಲ್ಲಿ ಒಂದೊಂದು ನಮೂನೆಯ ಪಕ್ಕದಲ್ಲೂ 'ಕಾಪಿ' ಅಂತ ಚಂದದ ಬಟನ್ನು ಬೇರೆ. ಕಳ್ಳ ಅದನ್ನೇ ಒತ್ತಿಕೊಂಡು ಹೋಗಿದ್ದ. ಅದನ್ನು ಹೊರಗಿನವರು ನೋಡಬಹುದೇ ಎಂದು ಕೇಳಿದವನು ಒಬ್ಬನೇ ಒಬ್ಬ, ಅವನನ್ನು ಮನೆಗೆ ಕಳಿಸಿದ್ದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಮುಂದಿನದು ಅವಳಿಗೆ ಗೊತ್ತಿದ್ದ ಕೆಲಸ. ತಮ್ಮ ನಾಲ್ಕೂ ಸೈಟುಗಳನ್ನು ಹೊಸ ವಿಳಾಸದ ಹೊಸ ಫೈಲಿಗೆ ದಾಟಿಸಿದಳು. ಹಳೆಯ ಫೈಲನ್ನು ಅಲ್ಲೇ ಬಿಟ್ಟು ಒಳಗಿನದನ್ನು ಬದಲಿಸಿದಳು. ಕಳ್ಳ ಪುಟ ಹಳೆಯದನ್ನೇ ಕರೆಸಿಕೊಂಡಿತು. ಬಟನ್ನುಗಳೆಲ್ಲ ಮಾಯ, ನೆತ್ತಿಯ ಮೇಲೆ ಕೆಂಪು ಪಟ್ಟಿ: 'ಇದು ನಕಲಿ. ದುಡ್ಡು ಕಟ್ಟಬೇಡಿ.'

ಆಫೀಸೇ ಎದ್ದು ನಕ್ಕಿತು. ಹುಚ್ಚಯ್ಯ ಎಲ್ಲರಿಗೂ ಕಾಫಿ ತರಿಸಿದರು. "ಆ ಹುಡುಗುಂಗೆ ಫೋನ್ ಮಾಡಮ್ಮ, ನಾಳೆಯಿಂದ ಬರ್ಲಿ," ಅಂದರು, ಮಳೆ ನಿಂತಿತು ಅನ್ನುವಷ್ಟು ಸಲೀಸಾಗಿ.

ಸುಮನಾ ಫೋನು ಹಿಡಿದು ತಾರಸಿಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ತಪ್ಪಾಯ್ತು ಅಂದಳು.

"ಫೈಲು ಮುಟ್ಟೋರು ಮೂವರಿದ್ವಿ ಮೇಡಂ," ಅಂದ ಸಿದ್ಧಾರ್ಥ. ಇಷ್ಟು ದಿನ ಅಕ್ಕ ಅನ್ನುತ್ತಿದ್ದವನು. "ಬ್ಯಾಗು ನಂದೊಂದೇ ಯಾಕ್ ಬಿಚ್ಸಿದ್ರಿ?"

"ನೀನು ಆ ಪುಟದ ವಿಚಾರ ಕೇಳಿದ್ಯಲ್ಲ, ಅದ್ಕೆ…"

"ಅದ್ಕಾ?"

ಅದಕ್ಕಲ್ಲ. ಅವಳಿಗೆ ಗೊತ್ತಿತ್ತು. ಅವನ ಮನೆ ಊರಾಚೆಯ ಕಾಲೋನಿಯಲ್ಲಿತ್ತು. ಆ ಮಾತನ್ನು ಅಂದು ಬಾಗಿಲು ಹಾಕಿದ ಕೋಣೆಯಲ್ಲಿ ಹುಚ್ಚಯ್ಯ ಆಡಿರಲಿಲ್ಲ, ಅವಳೂ ಆಡಿರಲಿಲ್ಲ. ಆಡದೆಯೇ ಇಬ್ಬರೂ ಒಂದೇ ಹೆಸರಿಗೆ ಬಂದಿದ್ದರು.

"ಬತ್ತೀನಿ ಮೇಡಂ, ಕೆಲ್ಸ ಬೇಕು ನಂಗೆ," ಅಂದ ಅವನು. "ಆದ್ರೆ ನಂದು ಬಿಚ್ಸಿದಂಗೇ ಎಲ್ರದ್ದೂ ಬಿಚ್ಸಿ. ಎಲ್ರ ಎದುರ್ಗೇ. ಆಮೇಲೆ ಬತ್ತೀನಿ."

ಕೆಳಗೆ ಇನ್ನೂ ಕಾಫಿ ನಡೆದಿತ್ತು. ಸುಮನಾ ತನ್ನ ಬ್ಯಾಗನ್ನು ಎತ್ತಿ ನಡುವಿನ ಮೇಜಿನ ಮೇಲೆ ಬೋರಲು ಸುರಿದಳು. ಬಾಚಣಿಗೆ, ಮಾತ್ರೆ, ಮಗಳ ಕಾಲುಚೀಲ, ಎಲ್ಲವೂ ಉರುಳಿದವು. ಲ್ಯಾಪ್‌ಟಾಪು ತೆರೆದಿಟ್ಟಳು, ಮೊಬೈಲಿನ ಲಾಕು ತೆಗೆದು ಹುಚ್ಚಯ್ಯನವರ ಮುಂದೆ ತಳ್ಳಿದಳು.

"ಓದಿ ಸಾರ್, ಜೋರಾಗಿ."

"ಏನಮ್ಮ ಇದು, ತಲೆ ಕೆಟ್ಟಿದ್ಯಾ?"

"ಸಿದ್ಧಾರ್ಥಂದು ಬಿಚ್ಸಿದಂಗೇ ಎಲ್ರದ್ದೂ ಬಿಚ್ಚಬೇಕು ಸಾರ್," ಅಂದಳು. ಮನುವಿನ ಕಡೆ ತಿರುಗಿದಳು. ಅವನು ಕಾಫಿ ಲೋಟ ಕೆಳಗಿಟ್ಟು, ತನ್ನ ಬ್ಯಾಗನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡ.